ಎರಡು ‘ನಾನು’ಗಳ ನಡುವೆ ಒಬ್ಬ

ಕನ್ನಡದಲ್ಲಿ ಕಿವಿಗೆ ಬಿದ್ದದ್ದನ್ನೇ ಕೈ ಬರೆಯುತ್ತದೆ. ಅದೇ ಅಭ್ಯಾಸದಲ್ಲಿ ‘ರಿದಮ್’ ಪದವನ್ನು ಇಂಗ್ಲಿಷಿನಲ್ಲಿ ಬರೆಯಹೊರಟರೆ ಆರ್ ಪಕ್ಕದ ಎಚ್ ಮಾಯವಾಗುತ್ತದೆ, ಕೊನೆಯ ಎಮ್‌ಗೆ ಮುಂಚೆ ಇಲ್ಲದ ಸ್ವರವೊಂದು ನುಸುಳುತ್ತದೆ. ಸರಿಯಾದ ಕಾಗುಣಿತ ಆರ್, ಎಚ್, ವೈ, ಟಿ, ಎಚ್, ಎಮ್. ನಾವು ಶಾಲೆಯಲ್ಲಿ ಕಲಿತ ಐದು ಸ್ವರಗಳಲ್ಲಿ ಒಂದೂ ಇಲ್ಲಿಲ್ಲ. ಆ ಕೆಲಸವನ್ನು ವೈ ಒಂದೇ ಮಾಡುತ್ತದೆ.

ಪದ ಗ್ರೀಕ್ ಮೂಲದ್ದು. ಪದದ ಮೊದಲಿಗೆ ಬರುವ ‘ರ’ಕಾರವನ್ನು ಹಳೆಯ ಗ್ರೀಕರು ಉಸಿರು ಸೇರಿಸಿ ನುಡಿಯುತ್ತಿದ್ದರು. ‘ಥ’ ಅಂತೂ ನಮ್ಮದರಂತೆಯೇ ಮಹಾಪ್ರಾಣ. ರೋಮನ್ನರು ತಮ್ಮ ಲಿಪಿಯಲ್ಲಿ ಆ ಉಸಿರನ್ನು ಎಚ್ ಎಂದು ಬರೆದುಕೊಂಡರು. ಅಂದರೆ ಎರಡೂ ಎಚ್ ಮಹಾಪ್ರಾಣದ ಗುರುತುಗಳು. ಇನ್ನು ನೆನಪಿಡುವುದು ಸುಲಭ: ಪದವನ್ನು ಮೂರು ಮೂರು ಅಕ್ಷರಗಳಾಗಿ ಮುರಿಯಿರಿ, ಎರಡು ತುಂಡುಗಳಲ್ಲೂ ನಡುವೆ ಕೂತಿರುವುದು ಎಚ್. ಒಂದು ಎಚ್ಚರಿಕೆ ಮಾತ್ರ ಬೇಕು. ಪ್ರಾಸ ಎಂಬ ಅರ್ಥದ ‘ರೈಮ್’ ತನ್ನ ಎಚ್ ಅನ್ನು ಈ ಪದವನ್ನು ನೋಡಿಯೇ ಪಡೆದುಕೊಂಡಿತು, ಆದರೆ ಟಿ ಪಡೆಯಲಿಲ್ಲ. ಅಲ್ಲಿ ಆರ್, ಎಚ್, ವೈ, ಎಮ್, ಇ ಅಷ್ಟೇ.

‘ಕ್ಯೂ’ಗೆ ಹೆಚ್ಚು ಮಾತು ಬೇಡ. ಲ್ಯಾಟಿನ್ನಿನಲ್ಲಿ ಬಾಲ ಎಂಬ ಅರ್ಥವಿದ್ದ ಪದ ಫ್ರೆಂಚಿನ ಮೂಲಕ ಬಂದು ಜನರ ಸಾಲಾಯಿತು. ನಾವೂ ಪಡಿತರದ ಸಾಲನ್ನು ಹನುಮಂತನ ಬಾಲ ಎನ್ನುತ್ತೇವಲ್ಲ! ಉಚ್ಚಾರವೆಲ್ಲ ಮೊದಲ ಅಕ್ಷರದಲ್ಲೇ ಮುಗಿಯಿತು. ಹಿಂದೆ ನಿಂತ ನಾಲ್ವರು ಮೌನಿಗಳು, ಜೋಡಿ ಜೋಡಿಯಾಗಿ: ಯು ಇ, ಯು ಇ. ಒಂದೇ ಜೋಡಿ ಬರೆದು ನಿಲ್ಲಿಸುವುದೇ ಸಾಮಾನ್ಯ ತಪ್ಪು.

ಪರೀಕ್ಷೆಯಲ್ಲಿ ನಿಜವಾಗಿ ಕಾಡುವುದು ‘ಲಿಯೇಜಾನ್’. ಇಬ್ಬರ ನಡುವಿನ ಸಂಪರ್ಕ ಎಂದರ್ಥ. ಇದೂ ಫ್ರೆಂಚಿನಿಂದ ಬಂದದ್ದು, ಕಟ್ಟು, ಬೆಸೆ ಎಂಬ ಕ್ರಿಯಾಪದದಿಂದ. ಕಾಗುಣಿತ ಎಲ್, ಐ, ಎ, ಐ, ಎಸ್, ಓ, ಎನ್. ಇಂಗ್ಲಿಷಿನಲ್ಲಿ ಐ ಎಂದರೆ ‘ನಾನು’. ಮಾತುಬಿಟ್ಟ ಇಬ್ಬರು ‘ನಾನು, ನಾನು’ ಎಂದು ಆಚೆ ಈಚೆ ನಿಂತಿದ್ದಾರೆ, ಮಧ್ಯಸ್ಥಿಕೆಗೆ ಎ ನಡುವೆ ನಿಂತಿದೆ. ಪದದ ಅರ್ಥವೂ ಅದೇ ಆದ್ದರಿಂದ ಈ ಚಿತ್ರ ಮರೆಯುವುದು ಕಷ್ಟ.

ಸರಿಯಾದ ಕಾಗುಣಿತ ಆರಿಸಿ ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳಿವೆ ಎನ್ನಿ. ಒಂದರಲ್ಲಿ ಎಲ್, ಐ, ಎ ಆದ ಕೂಡಲೇ ಎಸ್ ಬಂದಿದೆ: ಎರಡನೆಯ ‘ನಾನು’ ಗೈರುಹಾಜರು. ಇನ್ನೊಂದು ಎಲ್, ಎ, ಐ ಎಂದು ಶುರುವಾಗುತ್ತದೆ: ಮಧ್ಯಸ್ಥನೇ ಮುಂದೆ ನುಗ್ಗಿದ್ದಾನೆ. ಮೂರನೆಯದರಲ್ಲಿ ಎರಡನೆಯ ಐ ಜಾರಿ ಎಸ್‌ನ ಆಚೆ ಹೋಗಿದೆ, ನಮ್ಮ ಕಣ್ಣನ್ನು ಹೆಚ್ಚು ವಂಚಿಸುವುದು ಇದೇ. ಇಡೀ ಪದ ಓದುತ್ತಾ ಕೂರಬೇಡಿ. ಎಸ್ ಹುಡುಕಿ, ಅದಕ್ಕೆ ಮುಂಚಿನ ಮೂರಕ್ಷರ ಮಾತ್ರ ನೋಡಿ. ಐ, ಎ, ಐ ಇದ್ದರೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿ.