ಸಿಂಕಿನ ಕೆಳಗಿನ ನಾಲ್ಕಡಿ ದಾರಿ

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿಯುವ ತಾಲ್ಲೂಕುಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಸೀಮೆಯ ಮುಸುರೆ ನೀರಿನಲ್ಲಿ ಜೋಳದ ಹಿಟ್ಟು, ಅನ್ನದ ಅಗುಳು, ಶೇಂಗಾ ಎಣ್ಣೆ ಎಲ್ಲವೂ ಇರುತ್ತವೆ. ಕೊಳವೆಬಾವಿಯ ಗಡಸು ನೀರಿಗೆ ಸೋಪು ಸೇರಿದರೆ ಕರಗದ ಬಿಳಿ ಗಷ್ಟು ಏಳುತ್ತದೆ. ಇವೆಲ್ಲ ಬೆರೆತ ಅಂಟು ನೀರು ನಿಂತ ಕಡೆ ಪೈಪಿನೊಳಗೆ ಕೂರುತ್ತದೆ. ಆದ್ದರಿಂದ ಸಿಂಕಿನ ಪೈಪು ಕೂಡಿಸುವಾಗ ಮೊದಲು ನೋಡಬೇಕಾದ್ದು ನೀರಿನ ದಾರಿಯ ಮಟ್ಟ. ನಟ್ ಬಿಗಿಯುವುದು ಆಮೇಲಿನ ಕೆಲಸ.

ಸಿಂಕಿನ ಜಾಲರಿಯ ಕೆಳಗೆ ಇರುವುದು ವೇಸ್ಟ್ ಕಪ್ಲಿಂಗ್. ಅದರ ಕೆಳಗೆ ಟ್ರಾಪ್. ಟ್ರಾಪಿನ ಬಾಗಿನಲ್ಲಿ ಎರಡು–ಮೂರು ಇಂಚು ನೀರು ಸದಾ ನಿಂತಿರಬೇಕು. ಚರಂಡಿಯ ನಾತ, ಜಿರಳೆ ಅಡುಗೆಮನೆಗೆ ಬಾರದಂತೆ ತಡೆಯುವುದು ಆ ನೀರೇ. ಅಂಗಡಿಯಲ್ಲಿ ಬಾಟಲ್ ಟ್ರಾಪ್ ಸುಲಭವಾಗಿ ಸಿಗುತ್ತದೆ, ಆದರೆ ಅದು ಕೈ ತೊಳೆಯುವ ಬೇಸಿನ್ನಿಗೆ ಹೆಚ್ಚು ಸರಿ. ಅಗುಳು, ಹಿಟ್ಟು ಹೋಗುವ ಅಡುಗೆಮನೆಗೆ 40 ಮಿ.ಮೀ. ಅಗಲದ, ಒಳಗೆ ನುಣುಪಾಗಿರುವ ಪಿ-ಟ್ರಾಪ್ ವಾಸಿ. ಸುರುಳಿ ಸುರುಳಿ ಮಡಿಕೆಯ ಬಗ್ಗುವ ಪೈಪಿನಲ್ಲಿ ಪ್ರತಿ ಮಡಿಕೆಯೂ ಒಂದಿಷ್ಟು ಕೆಸರು ಹಿಡಿದುಕೊಳ್ಳುತ್ತದೆ.

ಹಳೆಯ ಮನೆಗಳಲ್ಲಿ ಆಗುವ ಒಂದು ತೊಂದರೆಯನ್ನು ಅಳತೆ ಹಾಕಿಯೇ ನೋಡೋಣ. ಒಂದು ಮನೆಯಲ್ಲಿ ಮೊದಲು ಆರು ಇಂಚು ಆಳದ ಸಿಂಕಿತ್ತು. ಟ್ರಾಪಿನ ಹೊರಬಾಯಿ ನೆಲದಿಂದ 21 ಇಂಚು ಮೇಲೆ, ನಾಲ್ಕಡಿ ಆಚೆ ಗೋಡೆಯ ತೂತು 19 ಇಂಚು ಮೇಲೆ. ನೀರು ಸಲೀಸಾಗಿ ಹರಿಯುತ್ತಿತ್ತು. ದೊಡ್ಡ ಪಾತ್ರೆ ಹಿಡಿಸಲೆಂದು ಒಂಬತ್ತು ಇಂಚು ಆಳದ ಸ್ಟೀಲ್ ಸಿಂಕು ಕೂರಿಸಿದರು. ಟ್ರಾಪಿನ ಬಾಯಿ 18 ಇಂಚಿಗೆ ಇಳಿಯಿತು, ತೂತು ಇದ್ದಲ್ಲೇ ಉಳಿಯಿತು. ಈಗ ನೀರು ಒಂದು ಇಂಚು ಏರು ಹತ್ತಬೇಕು. ಬಗ್ಗುವ ಪೈಪು ಹಾಕಿದರೆ ಈ ಏರು ಕಣ್ಣಿಗೆ ಕಾಣುವುದಿಲ್ಲ, ಆದರೆ ಪೈಪಿನಲ್ಲಿ ಯಾವಾಗಲೂ ನೀರು ನಿಂತೇ ಇರುತ್ತದೆ. ಇದನ್ನು ಗುರುತಿಸುವುದು ಹೀಗೆ: ನಲ್ಲಿ ನಿಲ್ಲಿಸಿ ಗಂಟೆಗಳಾದ ಮೇಲೂ ಟ್ರಾಪಿನಿಂದಾಚೆಯ ಕೀಲು ತೊಟ್ಟಿಕ್ಕುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ ಎಂದೇ ಅರ್ಥ. ಅಲ್ಲಿ ಎಷ್ಟು ಎಂ-ಸೀಲ್ ಮೆತ್ತಿದರೂ ಮೂಲ ಹಾಗೇ ಇರುತ್ತದೆ.

ಪೈಪಿಗೆ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಬೇಕು. ನಾಲ್ಕಡಿಗೆ ಒಂದು ಇಂಚು. ಅಂದರೆ ಈ ಮನೆಯ ತೂತು 17 ಇಂಚಿಗಿಂತ ಮೇಲಿರಬಾರದು. ಗಾರೆಯವರ ಲೆವೆಲ್ ಪೈಪು ಹಿಡಿದು ಗುರುತು ಹಾಕಿ, ಹೊಸ ತೂತು ಕೊರೆದು, ಹಳೆಯದನ್ನು ಸಿಮೆಂಟಿನಿಂದ ಮುಚ್ಚುವುದೇ ಪರಿಹಾರ. ಹೊರಗೆ ಪೈಪಿನ ತುದಿ ಚೇಂಬರಿನ ನೀರಿನಲ್ಲಿ ಮುಳುಗದೆ ಮೇಲಿರಲಿ.

ದಾರಿ ಸರಿಯಾದ ಮೇಲೆ ಕೀಲಿನ ಕೆಲಸ. ಕಪ್ಲಿಂಗಿನ ಅಂಚಿನಡಿ ತೆಳ್ಳಗೆ ಸಿಲಿಕಾನ್ ಹಚ್ಚಿ ಸಿಂಕಿನೊಳಗೆ ಇಡಬೇಕು. ಕೆಳಗಿನಿಂದ ರಬ್ಬರ್ ವಾಷರ್ ಕೊಟ್ಟು ನಟ್ ಬಿಗಿಯಬೇಕು. ಸಿಲಿಕಾನ್ ಒಣಗಲು ಒಂದು ದಿನ ಬಿಡಬೇಕು. ಪೈಪನ್ನು ಹ್ಯಾಕ್ಸಾ ಬ್ಲೇಡಿನಿಂದ ನೇರವಾಗಿ ಕೊಯ್ದು, ಅಂಚಿನ ಸಿಬಿರು ತೆಗೆಯಬೇಕು. ಸಿಬಿರು ವಾಷರನ್ನೂ ಗೀರುತ್ತದೆ, ಒಳಗೆ ಕಸವನ್ನೂ ಹಿಡಿಯುತ್ತದೆ. ಮೊದಲು ನಟ್, ಆಮೇಲೆ ವಾಷರ್ ಪೈಪಿಗೆ ಏರಿಸಿ. ವಾಷರಿನ ಓರೆಯಾದ ಬದಿ ಟ್ರಾಪಿನ ಬಾಯಿಯ ಕಡೆಗೆ, ಚಪ್ಪಟೆ ಬದಿ ನಟ್ಟಿನ ಕಡೆಗೆ ಇರಬೇಕು. ಪೈಪು ವಾಷರ್ ದಾಟಿ ಒಂದು ಇಂಚಾದರೂ ಒಳಹೋಗಲಿ. ಇಲ್ಲಿ ನೀರು ತಡೆಯುವುದು ವಾಷರೇ ಹೊರತು ಮರೆಯಲ್ಲ, ಹಾಗಾಗಿ ಟೆಫ್ಲಾನ್ ಟೇಪ್ ಸುತ್ತಬೇಕಿಲ್ಲ. ಕೈಯಲ್ಲಿ ಬಿಗಿದು ಮೇಲೆ ಕಾಲು ಸುತ್ತು ಸಾಕು. ಓರೆಯಾಗಿ ನಿಂತ ಪೈಪನ್ನು ನಟ್ಟಿನಿಂದ ಎಳೆದು ಕೂಡಿಸಲು ಹೋದರೆ ವಾಷರ್ ಒಂದು ಪಕ್ಕಕ್ಕೆ ಹಿಸುಕಿ ಹೊರಬರುತ್ತದೆ, ಇಲ್ಲವೇ ಪ್ಲಾಸ್ಟಿಕ್ ನಟ್ ಸೀಳುತ್ತದೆ. ಟ್ರಾಪಿಗೆ ಸೊಲ್ಯೂಷನ್ ಹಾಕಿ ಅಂಟಿಸಲೇಬಾರದು. ಅದನ್ನು ಬಿಚ್ಚಿ ತೊಳೆಯಲು ಬರಬೇಕು.

ನಲ್ಲಿ ಬಿಟ್ಟು ನೋಡಿದರೆ ಪರೀಕ್ಷೆ ಆಗುವುದಿಲ್ಲ, ಸಣ್ಣ ಧಾರೆ ಪೈಪನ್ನು ತುಂಬುವುದಿಲ್ಲ. ಜಾಲರಿ ಮುಚ್ಚಿ ಸಿಂಕು ತುಂಬಿಸಿ, ಕೆಳಗೆ ಒಣ ಸುದ್ದಿಪತ್ರಿಕೆ ಹಾಸಿ, ಒಮ್ಮೆಲೇ ಬಿಡಬೇಕು. ಹನಿ ಬಿದ್ದ ಜಾಗ ಯಾವ ಕೀಲಿನ ನೇರಕ್ಕಿದೆಯೋ ಅದನ್ನು ಬಿಚ್ಚಿ, ವಾಷರ್ ನೋಡಿ ಮತ್ತೆ ಕೂರಿಸಬೇಕು.

ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಗುಳೆ ಹೋಗುವ ಕುಟುಂಬಗಳು ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಿರುತ್ತವೆ. ಬೇಸಿಗೆಯಲ್ಲಿ ಟ್ರಾಪಿನ ನೀರು ಆರಿಹೋದರೆ ನಾತಕ್ಕೆ ತಡೆಯೇ ಇರದು. ಹೊರಡುವಾಗ ಸಿಂಕಿಗೆ ಒಂದು ಚೊಂಬು ನೀರು ಹಾಕಿ, ಮೇಲೆ ಎರಡು ಚಮಚ ಎಣ್ಣೆ ಬಿಡಬೇಕು. ಎಣ್ಣೆಯ ಪದರ ನೀರು ಆರುವುದನ್ನು ನಿಧಾನಗೊಳಿಸುತ್ತದೆ. ಮರಳಿ ಬಂದ ದಿನ ಬಿಸಿನೀರು, ಸೋಪು ಹಾಕಿ ತೊಳೆದರಾಯಿತು.