ಪುಟ್ಟ ಪಂಪು ಓಡಿಸಿ ದೊಡ್ಡ ಪಂಪಿನ ಲೆಕ್ಕ ಹಾಕುವುದು ಹೇಗೆ?

ಶ್ರೀಶೈಲದ ಹಿನ್ನೀರಿನಿಂದ ಕೃಷ್ಣಾ ನೀರನ್ನು ಮೇಲೆತ್ತಿ ಮಡಕಶಿರದ ಕಡೆಗೆ ತರುವ ಹಂದ್ರಿ-ನೀವಾ ಯೋಜನೆಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. ಇಂಥ ದೊಡ್ಡ ಏತ ನೀರಾವರಿಯಲ್ಲಿ ಒಂದೊಂದು ಪಂಪಿಗೇ ಸಾವಿರಾರು ಕಿಲೋವ್ಯಾಟ್ ಬೇಕಾಗಬಹುದು. ಅಷ್ಟು ದೊಡ್ಡದನ್ನು ಮಾಡಿ, ಕೂರಿಸಿ, ಆಮೇಲೆ "ನೀರು ಸಾಲದು" ಅಂದರೆ ತಿದ್ದುವುದು ಕಷ್ಟ. ಅದಕ್ಕೇ ಮೊದಲು ಅದೇ ಆಕಾರದ ಚಿಕ್ಕ ಪಂಪನ್ನು ಮಾಡಿ ಓಡಿಸುತ್ತಾರೆ. ಅದು ಮಾದರಿ ಪಂಪು. ಕೊನೆಗೆ ಕೂರಿಸುವುದು ಅಸಲು ಪಂಪು.

ಚಿಕ್ಕದರ ಅಳತೆಯಿಂದ ದೊಡ್ಡದರ ಅಳತೆ ಹೇಗೆ ಬರುತ್ತದೆ? ಪಂಪಿನೊಳಗೆ ತಿರುಗುವ ಚಕ್ರಕ್ಕೆ ಇಂಪೆಲ್ಲರ್ ಅನ್ನುತ್ತಾರೆ. ಅದರ ವ್ಯಾಸ D ಮೀಟರ್. ಅದು ಸೆಕೆಂಡಿಗೆ N ಸುತ್ತು ತಿರುಗುತ್ತದೆ. ಸೆಕೆಂಡಿಗೆ ಬರುವ ನೀರು Q ಘನ ಮೀಟರ್. ಈಗ ಬರೀ ಮಾನಗಳನ್ನು ನೋಡಿ. D³ ಅಂದರೆ ಘನ ಮೀಟರ್. ಅದನ್ನು N ನಿಂದ ಗುಣಿಸಿದರೆ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದಾಯಿತು. Q ನ ಮಾನವೂ ಅದೇ. ಹಾಗಾಗಿ Q/(ND³) ಮಾನವೇ ಇಲ್ಲದ ಬರೀ ಸಂಖ್ಯೆ. ಇದೇ ಆಯಾಮ ವಿಶ್ಲೇಷಣೆ.

ನೀರು ಏರುವ ಎತ್ತರ H ಗೂ ಹೀಗೇ. ಒಂದು ಕಿಲೋಗ್ರಾಂ ನೀರಿಗೆ ಪಂಪು ಕೊಡುವ ಶಕ್ತಿ gH. ಅದರ ಮಾನ ವೇಗದ ವರ್ಗದ್ದು. ಇಂಪೆಲ್ಲರಿನ ಅಂಚಿನ ವೇಗ ND ಗೆ ತಕ್ಕಂತೆ ಇರುತ್ತದೆ. ಆದ್ದರಿಂದ gH/(N²D²) ಕೂಡ ಬರೀ ಸಂಖ್ಯೆ. ಎರಡು ಪಂಪುಗಳ ಆಕಾರ ಒಂದೇ ಆಗಿದ್ದು, ವಾಲ್ವ್ ತಿರುಗಿಸಿ ಮೊದಲ ಸಂಖ್ಯೆಯನ್ನು ಎರಡರಲ್ಲೂ ಸಮ ಮಾಡಿದರೆ, ಎರಡನೆಯದು ತಾನಾಗಿಯೇ ಹೆಚ್ಚುಕಡಿಮೆ ಸಮವಾಗುತ್ತದೆ.

ಒಂದು ಲೆಕ್ಕ ಮಾಡೋಣ. ಅಸಲು ಪಂಪಿನ ಇಂಪೆಲ್ಲರ್ 2 ಮೀಟರ್, ನಿಮಿಷಕ್ಕೆ 300 ಸುತ್ತು. ಮಾದರಿಯದು ಅದರ ಐದನೇ ಒಂದು ಪಾಲು, 0.4 ಮೀಟರ್, ಅದನ್ನು 1000 ಸುತ್ತಿನಲ್ಲಿ ಓಡಿಸಿದ್ದೇವೆ. ಸೆಕೆಂಡಿಗೆ 200 ಲೀಟರ್ ನೀರು 20 ಮೀಟರ್ ಏರಿತು ಎಂದುಕೊಳ್ಳಿ.

ವ್ಯಾಸ 5 ಪಟ್ಟು, ಸುತ್ತು 0.3 ಪಟ್ಟು. ಹರಿವು 0.3 × 125 = 37.5 ಪಟ್ಟು, ಅಂದರೆ ಸೆಕೆಂಡಿಗೆ 7500 ಲೀಟರ್. ಎತ್ತರ 0.09 × 25 = 2.25 ಪಟ್ಟು, ಅಂದರೆ 45 ಮೀಟರ್. ನೀರಿಗೆ ಸೇರುವ ಸಾಮರ್ಥ್ಯ ಇವೆರಡರ ಗುಣಲಬ್ಧ, ಸುಮಾರು 84 ಪಟ್ಟು. ಮಾದರಿಯಲ್ಲಿ ಅದು 39 ಕಿಲೋವ್ಯಾಟ್. ಅಸಲಿನಲ್ಲಿ ಸುಮಾರು 3300.

ಇಲ್ಲೊಂದು ತೊಡಕಿದೆ. ನೀರಿನ ಜಿಗುಟುತನವನ್ನು, ಅಂದರೆ ಸ್ನಿಗ್ಧತೆಯನ್ನು, ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದರ ಪರಿಣಾಮವನ್ನು ಹೇಳುವುದು ರೆನಾಲ್ಡ್ಸ್ ಸಂಖ್ಯೆ. ಅದೇ ನೀರು ಬಳಸಿ ಅದನ್ನೂ ಸಮ ಮಾಡಬೇಕಾದರೆ ND² ಸಮ ಇರಬೇಕು. ಆಗ ಪುಟ್ಟ ಪಂಪು ನಿಮಿಷಕ್ಕೆ 7500 ಸುತ್ತು ತಿರುಗಬೇಕು, ನೀರನ್ನು 1125 ಮೀಟರ್ ಎತ್ತಬೇಕು, ಅಸಲು ಪಂಪಿನ ಐದು ಪಟ್ಟು ಸಾಮರ್ಥ್ಯ ನುಂಗಬೇಕು! ಚಿಕ್ಕದನ್ನು ಮಾಡಿದ ಉದ್ದೇಶವೇ ಹೋಯಿತಲ್ಲ. ಅದಕ್ಕೇ ಈ ಸಮಾನತೆಯನ್ನು ಕೈಬಿಡುತ್ತಾರೆ.

ಬಿಟ್ಟದ್ದರ ಬೆಲೆ ದಕ್ಷತೆಯಲ್ಲಿ ಕಾಣುತ್ತದೆ. ಮಾದರಿಯಲ್ಲಿ ಘರ್ಷಣೆಯ ಪಾಲು ಹೆಚ್ಚು. ತಿರುಗುವ ಭಾಗಕ್ಕೂ ಕವಚಕ್ಕೂ ನಡುವಿನ ಸಂದನ್ನೂ ಐದನೇ ಒಂದಕ್ಕೆ ಇಳಿಸಲಾಗದು. ಅರ್ಧ ಮಿಲಿಮೀಟರ್ ಸಂದು 0.1 ಮಿಲಿಮೀಟರ್ ಆದರೆ ಉಜ್ಜಿಕೊಂಡೀತು. ಸಂದು ಅಗಲ ಬಿಟ್ಟರೆ ನೀರು ಸೋರುತ್ತದೆ. ಹಾಗಾಗಿ ಮಾದರಿಯ ದಕ್ಷತೆ 84% ಇದ್ದರೆ ಅಸಲಿನದು ಸ್ವಲ್ಪ ಹೆಚ್ಚೇ ಇರುತ್ತದೆ. ಟರ್ಬೈನುಗಳಿಗೆಂದು ಮೂಡಿ ಕೊಟ್ಟ ಸೂತ್ರವನ್ನು ಇಲ್ಲಿ ಅಂದಾಜಿಗೆ ಬಳಸಿದರೆ ಸುಮಾರು 88% ಬರುತ್ತದೆ. 84% ಎಂದೇ ಹಿಡಿದರೆ ಪಂಪಿಗೆ 3940 ಕಿಲೋವ್ಯಾಟ್ ಬೇಕು. ತಿದ್ದಿದ ಲೆಕ್ಕದಲ್ಲಿ ಸುಮಾರು 3750. ವ್ಯತ್ಯಾಸ ಚಿಕ್ಕದಲ್ಲ. ದಿನಕ್ಕೆ 20 ಗಂಟೆ ಓಡಿದರೆ ಸುಮಾರು 4000 ಯೂನಿಟ್ ಕರೆಂಟು. ಆದರೆ ತಿದ್ದುಪಡಿ ಬರೀ ಅಂದಾಜು. ಮೋಟರು ಆರಿಸುವಾಗ ಅದನ್ನೇ ಪೂರ್ತಿ ನಂಬಿ ಕೈ ಬಿಗಿ ಹಿಡಿಯಬಾರದು.

ಇನ್ನೊಂದು ಪರೀಕ್ಷೆ ಗುಳ್ಳೆಗಳದ್ದು. ಪಂಪಿನ ಬಾಯಲ್ಲಿ ಒತ್ತಡ ತೀರಾ ಇಳಿದರೆ ತಣ್ಣೀರೂ ಕುದಿದು ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದಾಗ ಲೋಹ ಸವೆಯುತ್ತದೆ. ಇಲ್ಲಿ ಸಮ ಇರಬೇಕಾದ್ದು ಎರಡರ ಅನುಪಾತ: ಕುದಿಯುವ ಒತ್ತಡಕ್ಕಿಂತ ಮೇಲೆ ಉಳಿದಿರುವ ಒತ್ತಡ ಮತ್ತು ಪಂಪು ಎತ್ತುವ ಎತ್ತರ. ಅಸಲು ಪಂಪಿಗೆ 9 ಮೀಟರ್ ನೀರಿನಷ್ಟು ಒತ್ತಡ ಉಳಿದಿದ್ದರೆ ಮಾದರಿಗೆ 9 ÷ 2.25 = 4 ಮೀಟರ್ ಮಾತ್ರ ಉಳಿಸಬೇಕು. ಸುತ್ತಲಿನ ಗಾಳಿಯೇ ಸುಮಾರು 10 ಮೀಟರ್ ನೀರಿನಷ್ಟು ಒತ್ತುತ್ತದೆ. ಆದ್ದರಿಂದ ಮಾದರಿಯನ್ನು ಮುಚ್ಚಿದ ಟ್ಯಾಂಕಿಗೆ ಜೋಡಿಸಿ, ನಿರ್ವಾತ ಪಂಪಿನಿಂದ ಗಾಳಿ ಹೊರತೆಗೆಯುತ್ತಾರೆ. ಗುಳ್ಳೆ ಶುರುವಾದರೆ ಒಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಕೇಳುತ್ತದೆ. ಇನ್ನೂ ಹೆಚ್ಚಾದಾಗ ಎತ್ತರದ ಅಳತೆ ಕುಸಿಯುತ್ತದೆ. ತೆರೆದ ತೊಟ್ಟಿಯಲ್ಲಿ ಓಡಿಸಿದ್ದರೆ ಮಾದರಿ ಸದ್ದಿಲ್ಲದೆ ತೇರ್ಗಡೆಯಾಗಿ, ಅದೇ ಆಕಾರದ ಅಸಲು ಪಂಪು ಸವೆಯಲು ಶುರುವಾದ ಮೇಲೆಯೇ ಈ ದೋಷ ಗೊತ್ತಾಗುತ್ತಿತ್ತು.