ಜಿಪ್ ಬಿಚ್ಚಿದಾಗ ಕೆಡುವ ಕನ್ನಡದ ಹೆಸರು

ಜಮೀನಿನ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ, ಕನ್ನಡದಲ್ಲೇ ಹೆಸರು ಕೊಟ್ಟು, ಎಲ್ಲವನ್ನೂ ಒಂದು ಜಿಪ್ ಕಡತಕ್ಕೆ ಸೇರಿಸಿ ಮಗ ಊರಿಗೆ ಕಳಿಸುತ್ತಾನೆ. ಅವನ ಮ್ಯಾಕ್ ಕಂಪ್ಯೂಟರಿನಲ್ಲಿ ಹೆಸರು ‘ಪಹಣಿ.pdf’ ಎಂದೇ ಇತ್ತು. ಊರಿನಲ್ಲಿ ವಿಂಡೋಸ್ ಕಂಪ್ಯೂಟರಿನಲ್ಲಿ ಬಿಚ್ಚಿದರೆ ಕಾಣುವುದು ‘α▓¬α▓╣α▓úα▓┐.pdf’. ವೈರಸ್ ಹೊಕ್ಕಿತೆಂದು ಅಳಿಸಿಬಿಡುವವರೂ ಉಂಟು. ಆದರೆ ತೆರೆದು ನೋಡಿದರೆ ಒಳಗಿನ ಪಹಣಿ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಹೆಸರು ಮಾತ್ರ. ಅದೂ ನಿಜವಾಗಿ ಕೆಟ್ಟಿಲ್ಲ, ತಪ್ಪು ಪಟ್ಟಿ ಹಿಡಿದು ಓದಲಾಗಿದೆ ಅಷ್ಟೆ.

ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಎಂಬ ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಗುಣಿತದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ‘ಪಹಣಿ’ಯಲ್ಲಿ ಪ, ಹ, ಣ ಮತ್ತು ಇಕಾರದ ಗುಡಿಸು ಸೇರಿ ನಾಲ್ಕು ಸಂಕೇತಗಳಿವೆ; ಒಟ್ಟು ಹನ್ನೆರಡು ಬೈಟ್. ‘ಪ’ದ ಮೂರು ಬೈಟ್‌ಗಳು E0, B2, AA.

ಜಿಪ್ ಮಾದರಿಯನ್ನು ಫಿಲ್ ಕಾಟ್ಜ್ 1989ರಲ್ಲಿ ರೂಪಿಸಿದಾಗ ಯುಟಿಎಫ್-8 ಇನ್ನೂ ಹುಟ್ಟಿರಲಿಲ್ಲ. ಐಬಿಎಂ ಪಿಸಿಯ ಜೊತೆ 1981ರಲ್ಲಿ ಬಂದಿದ್ದ ‘ಕೋಡ್ ಪೇಜ್ 437’ ಎಂಬ ಪಟ್ಟಿಯೇ ಕಡತದ ಹೆಸರಿಗೆ ಆಧಾರವಾಯಿತು. ಅದರಲ್ಲಿ ಇರುವುದು 256 ಸ್ಥಾನಗಳು: ಇಂಗ್ಲಿಷ್ ಅಕ್ಷರಗಳು, ಯುರೋಪಿನ ಕೆಲವು ಅಕ್ಷರಗಳು, ಕೋಷ್ಟಕ ಎಳೆಯಲು ಬೇಕಾದ ಗೆರೆಗಳು. ಕನ್ನಡಕ್ಕೆ ಜಾಗವಿಲ್ಲ. ಈ ಪಟ್ಟಿಯಲ್ಲಿ E0 ಎಂದರೆ α, B2 ಎಂದರೆ ▓, AA ಎಂದರೆ ¬. ‘ಪ’ ಒಂದು ಅಕ್ಷರವಾಗಿ ಉಳಿಯದೆ ‘α▓¬’ ಎಂಬ ಮೂರು ತುಂಡಾದದ್ದು ಹೀಗೆ. ‘.pdf’ ಮಾತ್ರ ಹಾಗೇ ಉಳಿಯಿತು, ಏಕೆಂದರೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆ ಎರಡೂ ಪಟ್ಟಿಗಳಲ್ಲಿ ಒಂದೇ.

ಇದಕ್ಕೆ ಪರಿಹಾರ 2006ರಲ್ಲೇ ಬಂದಿತ್ತು. ಜಿಪ್‌ನ ನಿಯಮಾವಳಿಗೆ ಆಗ ಒಂದು ಗುರುತನ್ನು ಸೇರಿಸಲಾಯಿತು. ಪ್ರತಿ ಕಡತದ ತಲೆಬರಹದಲ್ಲಿ 11ನೇ ಬಿಟ್ ‘1’ ಆಗಿದ್ದರೆ ಹೆಸರು ಯುಟಿಎಫ್-8ರಲ್ಲಿದೆ ಎಂದು ಅರ್ಥ. ತೊಂದರೆ ಏನೆಂದರೆ, ಮ್ಯಾಕ್‌ನ ಜೊತೆಗೇ ಬರುವ ಜಿಪ್ ಸೌಲಭ್ಯ ಬಹುಕಾಲ ಹೆಸರನ್ನು ಯುಟಿಎಫ್-8ರಲ್ಲಿ ಬರೆಯುತ್ತಿತ್ತು, ಆದರೆ ಆ ಬಿಟ್ ಹಚ್ಚುತ್ತಿರಲಿಲ್ಲ. ಗುರುತು ಕಾಣದ ವಿಂಡೋಸ್ ತನ್ನ ಹಳೆಯ ಪಟ್ಟಿಯತ್ತ ತಿರುಗುತ್ತದೆ. ಭಾರತದ ಇಂಗ್ಲಿಷಿಗೆ ಹೊಂದಿಸಿದ ವಿಂಡೋಸ್‌ನಲ್ಲಿ ಅದು 437.

ವಿಂಡೋಸ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಸರಿಹೋದೀತೆ? ಇಲ್ಲ. ಜಪಾನಿ, ರಷ್ಯನ್ ಭಾಷೆಗಳಿಗೆ ವಿಂಡೋಸ್‌ನಲ್ಲಿ ತಮ್ಮದೇ ಹಳೆಯ ಪಟ್ಟಿಗಳಿವೆ. ಕನ್ನಡ ಅಲ್ಲಿಗೆ ಯೂನಿಕೋಡ್ ಮೂಲಕವೇ ಬಂದದ್ದರಿಂದ ಅಂಥ ಪಟ್ಟಿ ಇಲ್ಲ.

ಕೆಟ್ಟ ಹೆಸರಿನ ರೂಪ ನೋಡಿಯೇ ಕಾರಣ ಹೇಳಬಹುದು. ‘α▓’ ಮತ್ತೆ ಮತ್ತೆ ಬಂದರೆ ಅದು 437ರ ಕೆಲಸ. ‘à²ªà²¹’ ಎಂಬಂತೆ ‘à²’ ಮರುಕಳಿಸಿದರೆ ವಿಂಡೋಸ್-1252 ಎಂಬ ಇನ್ನೊಂದು ಪಟ್ಟಿಯಲ್ಲಿ ಓದಲಾಗಿದೆ. ‘PÀ£ÀßqÀ’ಯಂತೆ ಕಂಡರೆ ಜಿಪ್‌ನ ದೋಷವಲ್ಲ, ನುಡಿಯಂಥ ತಂತ್ರಾಂಶದ ಹಳೆಯ ಆಸ್ಕಿ ಕ್ರಮದಲ್ಲಿ ‘ಕನ್ನಡ’ ಎಂದು ಟೈಪಿಸಿದ ಹೆಸರು ಅದು.

437ರಿಂದ ಕೆಟ್ಟ ಹೆಸರನ್ನು ಹಿಂದಕ್ಕೆ ತರಬಹುದು. ಆ ಪಟ್ಟಿಯಲ್ಲಿ ಪ್ರತಿ ಬೈಟ್‌ಗೂ ಬೇರೆ ಬೇರೆ ಚಿಹ್ನೆ ಇರುವುದರಿಂದ, ಚಿಹ್ನೆಗಳನ್ನು ಮತ್ತೆ ಬೈಟ್ ಮಾಡಿ ಯುಟಿಎಫ್-8 ಎಂದು ಓದಿದರೆ ಸಾಕು. ಪೈಥಾನ್‌ನಲ್ಲಿ ಎರಡೇ ಸಾಲು:

```
n = "α▓¬α▓╣α▓úα▓┐.pdf"
print(n.encode("cp437").decode("utf-8"))
```

ಉತ್ತರ: ಪಹಣಿ.pdf. ಜಿಪ್ ಕಡತ ಕೈಯಲ್ಲೇ ಇದ್ದರೆ ಇದೂ ಬೇಡ. 7-ಜಿಪ್ ತಂತ್ರಾಂಶಕ್ಕೆ ಯಾವ ಪಟ್ಟಿ ಹಿಡಿದು ಓದಬೇಕೆಂದು ನೇರವಾಗಿ ಹೇಳಬಹುದು. 65001 ಎಂಬುದು ವಿಂಡೋಸ್‌ನಲ್ಲಿ ಯುಟಿಎಫ್-8ರ ಸಂಖ್ಯೆ.

```
7z x -mcp=65001 dakhale.zip
```

ಹೆಸರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಅಥವಾ ಅಡಿಗೆರೆಗಳಿದ್ದರೆ ಈ ದಾರಿ ನಡೆಯದು. ಅಲ್ಲಿ ಯಾವುದೋ ತಂತ್ರಾಂಶ ತನಗೆ ತಿಳಿಯದ ಅಕ್ಷರವನ್ನು ತೆಗೆದು ಅದರ ಜಾಗದಲ್ಲಿ ಒಂದು ಚಿಹ್ನೆ ಇಟ್ಟಿರುತ್ತದೆ. ಮೂಲದ ಬೈಟ್‌ಗಳೇ ಉಳಿದಿಲ್ಲ. ಉದ್ದದ ಹೆಸರುಗಳಿಗೆ ಇನ್ನೊಂದು ಅಪಾಯವಿದೆ. ಒಂದು ಕನ್ನಡ ಸಂಕೇತ ಮೂರು ಚಿಹ್ನೆಯಾಗುವುದರಿಂದ ಹೆಸರು ಮೂರು ಪಟ್ಟು ಬೆಳೆಯುತ್ತದೆ. ಫೋಲ್ಡರಿನೊಳಗೆ ಫೋಲ್ಡರ್ ಇದ್ದರೆ ಇಡೀ ವಿಳಾಸ ವಿಂಡೋಸ್‌ನ 260 ಅಕ್ಷರಗಳ ಹಳೆಯ ಮಿತಿ ದಾಟಿ, ಕಡತ ಬಿಚ್ಚುವುದೇ ನಿಂತುಹೋಗಬಹುದು.

ಕಳಿಸುವವರು ಜಿಪ್ ಮಾಡುವಾಗ 7-ಜಿಪ್‌ನಲ್ಲಿ `-mcu=on` ಎಂದು ಸೇರಿಸಿದರೆ ಆ 11ನೇ ಬಿಟ್ ಹಚ್ಚಿಕೊಳ್ಳುತ್ತದೆ. ಜಿಪ್ ಬದಲು `.7z` ಮಾದರಿಯನ್ನೇ ಬಳಸಿದರೆ ಹೆಸರು ಯಾವಾಗಲೂ ಯೂನಿಕೋಡ್‌ನಲ್ಲಿರುತ್ತದೆ, ಗುರುತಿನ ಪ್ರಶ್ನೆಯೇ ಬರುವುದಿಲ್ಲ.